ಹಳೆಯ ಬ್ಯಾಟರಿಯೂ ಸೀಸದ ವಿಷವೂ

ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಲಾರಿಗಳು ನೆಲಮಂಗಲದಲ್ಲಿ ಎರಡು ದಾರಿ ಹಿಡಿಯುತ್ತವೆ. ಒಂದು ತುಮಕೂರಿನ ಕಡೆಗೆ, ಇನ್ನೊಂದು ಕುಣಿಗಲ್ಲು ಹಾಸನಗಳ ಕಡೆಗೆ. ಇಂಥ ಕವಲಿನ ಸುತ್ತ ಗ್ಯಾರೇಜುಗಳೂ, ಪಂಕ್ಚರು ಅಂಗಡಿಗಳೂ, ಬ್ಯಾಟರಿ ಚಾರ್ಜು ಮಾಡುವ ಷೆಡ್ಡುಗಳೂ ನೆಲೆಯೂರುವುದು ಸಹಜ. ಕೋಲಾರದ ದಾರಿಯಲ್ಲಿ ಹೊಸಕೋಟೆ, ಬಳ್ಳಾರಿಯ ದಾರಿಯಲ್ಲಿ ದೇವನಹಳ್ಳಿ, ಕೈಗಾರಿಕಾ ಪ್ರದೇಶಗಳನ್ನು ಮಗ್ಗುಲಲ್ಲಿಟ್ಟುಕೊಂಡ ದೊಡ್ಡಬಳ್ಳಾಪುರ, ಇವುಗಳ ಸ್ಥಿತಿಯೂ ಬೇರೆಯಲ್ಲ. ವಾಹನವಿದ್ದಲ್ಲಿ ಎರಡು ಬಗೆಯ ಕಸ ತಪ್ಪದೆ ಹುಟ್ಟುತ್ತದೆ: ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆ, ಮತ್ತು ಜೀವ ಕಳೆದುಕೊಂಡ ಬ್ಯಾಟರಿ. ಇವೆರಡನ್ನೂ ಯಾರೂ ಬಿಸಾಡುವುದಿಲ್ಲ, ಏಕೆಂದರೆ ಎರಡಕ್ಕೂ ಬೆಲೆಯುಂಟು. ತೊಂದರೆ ಪ್ರಾರಂಭವಾಗುವುದು ಈ ಬೆಲೆಯಿಂದಲೇ.

ಒಂದು ಲಾರಿಯ ಬ್ಯಾಟರಿಯನ್ನು ತೆಗೆದುಕೊಳ್ಳೋಣ. ಅದರ ತೂಕ ಸುಮಾರು 40 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಅದರಲ್ಲಿ ಸೀಸವೊಂದೇ ಹೆಚ್ಚುಕಡಮೆ 20 ಕಿಲೋಗ್ರಾಂ ಇರುತ್ತದೆ. ಆದರೆ ಈ ಸೀಸವೆಲ್ಲವೂ ಒಂದೇ ರೂಪದಲ್ಲಿಲ್ಲ. ಒಂದು ಪಾಲು ಜಾಲರಿಯ ರೂಪದಲ್ಲಿಯೂ, ಮೇಲಿನ ಕಂಬಗಳ ರೂಪದಲ್ಲಿಯೂ ಗಟ್ಟಿ ಲೋಹವಾಗಿದೆ. ಉಳಿದದ್ದು ಜಾಲರಿಯ ಕಣ್ಣುಗಳಲ್ಲಿ ಮೆತ್ತಿದ ಸರಿ. ಬ್ಯಾಟರಿ ತುಂಬಿದ್ದಾಗ ಧನಫಲಕದ ಸರಿಯು ಕಂದುಬಣ್ಣದ ಸೀಸದ ಡೈಆಕ್ಸೈಡು, ಋಣಫಲಕದ್ದು ಸ್ಪಂಜಿನಂತಹ ಸೀಸ. ವಿದ್ಯುತ್ತನ್ನು ಕೊಟ್ಟು ದಣಿದಂತೆಲ್ಲ ಎರಡೂ ಫಲಕಗಳು ಗಂಧಕಾಮ್ಲದೊಡನೆ ಸೇರಿ ಸೀಸದ ಸಲ್ಫೇಟಾಗುತ್ತವೆ. ಚಾರ್ಜು ಮಾಡಿದರೆ ಈ ಸಲ್ಫೇಟು ಹಿಂದಕ್ಕೆ ತಿರುಗಬೇಕು. ವರ್ಷಗಳು ಕಳೆದಂತೆ ಅದು ಗಟ್ಟಿ ಹರಳುಗಳಾಗಿ ಕುಳಿತು ತಿರುಗುವುದನ್ನೇ ಬಿಟ್ಟುಬಿಡುತ್ತದೆ. ಆಗ ಮೇಸ್ತ್ರಿಯು “ಬ್ಯಾಟರಿ ಹೋಯಿತು” ಎನ್ನುತ್ತಾನೆ. ಹೀಗೆ, ಸತ್ತ ಬ್ಯಾಟರಿಯ ಸರಿಯ ಬಹುಪಾಲು ಸೀಸದ ಸಲ್ಫೇಟು. ಇದನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು, ಮುಂದಿನ ಅನಾಹುತವೆಲ್ಲ ಇದರಿಂದ ಹೊರಡುತ್ತದೆ. ಫಲಕಗಳ ಸುತ್ತ ಎಂಟು ಲೀಟರಿನಷ್ಟು ದುರ್ಬಲಗೊಂಡ ಗಂಧಕಾಮ್ಲವೂ, ಅದರ ತಳದಲ್ಲಿ ಉದುರಿದ ಸರಿಯ ಕೆಸರೂ ನಿಂತಿರುತ್ತವೆ.

ಈ ಬ್ಯಾಟರಿಯ ಮುಂದಿನ ಗತಿ ನಿರ್ಧಾರವಾಗುವುದು ಕುಲುಮೆಯಲ್ಲಿ ಅಲ್ಲ, ಗ್ಯಾರೇಜಿನ ಬಾಗಿಲಲ್ಲಿ. ಗುಜರಿಯವನು ತೂಕಕ್ಕೆ ಹಣ ಕೊಡುವವನು. ಆಮ್ಲದ ತೂಕಕ್ಕೆ ಸೀಸದ ಬೆಲೆ ಕೊಡಲು ಅವನಿಗೆ ಮನಸ್ಸಿಲ್ಲ. “ನೀರು ಚೆಲ್ಲಿ ಕೊಡಿ” ಎನ್ನುತ್ತಾನೆ. ಅದು ನೀರಲ್ಲ. ಬ್ಯಾಟರಿಯನ್ನು ಮಗುಚಿ ಆ ಎಂಟು ಲೀಟರನ್ನು ಷೆಡ್ಡಿನ ಹಿಂದೆ ಚೆಲ್ಲಿದೊಡನೆ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದು, ಆಮ್ಲದೊಡನೆ ಸೀಸದ ಕೆಸರು ಮಣ್ಣಿಗಿಳಿಯುವುದು. ಸೀಸವು ಸಾಧಾರಣವಾಗಿ ನಮ್ಮ ಕೆಮ್ಮಣ್ಣಿನ ಜೇಡಿಗೆ ಅಂಟಿಕೊಂಡು ಮೇಲಿನ ಗೇಣಿನಲ್ಲೇ ನಿಲ್ಲುವ ಲೋಹ. ಆಳದ ಕೊಳವೆಬಾವಿಗೆ ಅದು ಸುಲಭವಾಗಿ ತಲಪುವುದಿಲ್ಲ. ಆದರೆ ಆಮ್ಲ ಬಿದ್ದಲ್ಲಿ ಆ ಹಿಡಿತ ಸಡಿಲುತ್ತದೆ. ಎರಡನೆಯದು, ಬರಿದಾದ ಬ್ಯಾಟರಿಯು ಹಗುರವಾಗಿ, ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದ, ಕೊಡಲಿಯಿಂದ ಒಡೆಯಬಹುದಾದ ಸಾಮಾನಾಗುತ್ತದೆ. ಆಮ್ಲ ತುಂಬಿದ ಇಡೀ ಬ್ಯಾಟರಿಯನ್ನು ಕೊಳ್ಳುವವನು ಆಮ್ಲವನ್ನು ಏನು ಮಾಡಬೇಕೆಂಬುದಕ್ಕೆ ಒಂದು ಏರ್ಪಾಡು ಮಾಡಿಕೊಂಡಿರಲೇಬೇಕು. ಚೆಲ್ಲಿಸಿ ಕೊಳ್ಳುವವನಿಗೆ ಅಂಥ ಏರ್ಪಾಡಿಲ್ಲವೆಂದೇ ತಿಳಿಯಬೇಕು. ಕಳ್ಳ ಕುಲುಮೆಯ ದಾರಿಯನ್ನು ಗುರುತಿಸಲು ಇದಕ್ಕಿಂತ ಸುಲಭವಾದ ಚಿಹ್ನೆಯನ್ನು ನಾನು ಕಾಣೆ.

ಇನ್ನು ಕುಲುಮೆಯನ್ನು ನೋಡೋಣ. ನೆಲದಲ್ಲಿ ಒಂದು ಗುಂಡಿ, ಸುತ್ತ ಇಟ್ಟಿಗೆ, ಇದ್ದಿಲು, ಗಾಳಿಯೂದಲು ಒಂದು ಬ್ಲೋಯರು, ಇಷ್ಟೇ ಸಾಕು. ಸೀಸವು 327 ಡಿಗ್ರಿ ಸೆಲ್ಸಿಯಸಿಗೇ ಕರಗುತ್ತದೆ. ಹಿತ್ತಿಲ ಒಲೆಯೂ ಅಷ್ಟು ಶಾಖ ಕೊಡಬಲ್ಲದು. ಆದುದರಿಂದಲೇ ಇದು ಸುಲಭದ ಕಸುಬೆಂಬ ಭ್ರಮೆ ಹುಟ್ಟಿದೆ. ಜಾಲರಿ ಮತ್ತು ಕಂಬಗಳ ಮಟ್ಟಿಗೆ ಮಾತ್ರ ಅದು ನಿಜ. ಸರಿಯಲ್ಲಿರುವ ಸೀಸದ ಸಲ್ಫೇಟು ಕರಗಿ ಲೋಹವಾಗುವುದಿಲ್ಲ. ಅದರಿಂದ ಆಮ್ಲಜನಕವನ್ನೂ ಗಂಧಕವನ್ನೂ ಕಿತ್ತು ತೆಗೆಯಬೇಕು. ಅದಕ್ಕೆ ಇದ್ದಿಲೂ, ಗಂಧಕವನ್ನು ಹಿಡಿದುಕೊಳ್ಳಲು ಕಬ್ಬಿಣದ ಚೂರು ಅಥವಾ ಸೋಡವೂ, 1000 ಡಿಗ್ರಿಗೆ ಸಮೀಪದ ಶಾಖವೂ ಬೇಕು. ಅಷ್ಟು ಕಾಯಿಸಿದಾಗ ಸೀಸವು ತೆಪ್ಪಗೆ ಕುಳಿತಿರುವುದಿಲ್ಲ. 500 ಡಿಗ್ರಿ ದಾಟಿದ ಮೇಲೆ ಅದರ ಆವಿ ಗಣನೀಯವಾಗಿ ಏಳತೊಡಗುತ್ತದೆ. ಆವಿಯು ತಂಪು ಗಾಳಿಯನ್ನು ಸೇರಿದೊಡನೆ ಆಕ್ಸೈಡಾಗಿ, ಒಂದು ಮೈಕ್ರಾನಿಗಿಂತಲೂ ಸಣ್ಣ ಕಣಗಳ ಹೊಗೆಯಾಗುತ್ತದೆ. ಬ್ಯಾಟರಿಯ ಒಳಗಿನ ಪ್ಲಾಸ್ಟಿಕ್ ಹಾಳೆಗಳನ್ನು ಬಿಡಿಸದೆ ಬೆಂಕಿಗಿಟ್ಟರೆ, ಮತ್ತು ಅವುಗಳಲ್ಲಿ ಕ್ಲೋರೀನಿದ್ದರೆ, ಇನ್ನೂ ಬೇಗ ಆವಿಯಾಗುವ ಸೀಸದ ಕ್ಲೋರೈಡು ಹುಟ್ಟುತ್ತದೆ.

ಅಂದರೆ ಸಣ್ಣ ಕುಲುಮೆಯವನು ಎರಡು ಇಕ್ಕಟ್ಟುಗಳ ನಡುವೆ ಸಿಕ್ಕಿದ್ದಾನೆ. ಶಾಖ ಕಡಮೆ ಮಾಡಿದರೆ ಸರಿಯಲ್ಲಿನ ಸೀಸ ಕಿಟ್ಟದಲ್ಲೇ ಉಳಿದು ನಷ್ಟವಾಗುತ್ತದೆ; ಆ ಕಿಟ್ಟವನ್ನು ಅವನು ಬೇಲಿಯ ಹೊರಗೆ ಸುರಿಯುತ್ತಾನೆ. ಶಾಖ ಹೆಚ್ಚಿಸಿದರೆ ಲೋಹ ಹೆಚ್ಚು ದೊರೆಯುತ್ತದೆ, ಅದರೊಡನೆ ಹೊಗೆಯೂ ಹೆಚ್ಚುತ್ತದೆ. ಎಷ್ಟೇ ಎಚ್ಚರದ ಮನುಷ್ಯನಾದರೂ, ಮೂಗಿಗೆ ಟವೆಲು ಕಟ್ಟಿಕೊಂಡರೂ, ಈ ಇಕ್ಕಟ್ಟಿನಿಂದ ಪಾರಾಗಲಾರ. ಆ ಕಣಗಳು ಬಟ್ಟೆಯ ನೂಲುಗಳ ನಡುವೆ ಸಲೀಸಾಗಿ ನುಸುಳುತ್ತವೆ. ಇದು ಕೆಲಸಗಾರನ ಅಜಾಗರೂಕತೆಯ ಪ್ರಶ್ನೆಯೇ ಅಲ್ಲ.

ಹಳೆಯ ಎಂಜಿನ್ ಎಣ್ಣೆಯು ಈ ಕಥೆಯಲ್ಲಿ ಪ್ರವೇಶಿಸುವುದು ಇಲ್ಲಿಯೇ. ಇದ್ದಿಲಿಗಿಂತ ಅಗ್ಗದ ಉರುವಲು ಬೇಕಾದಾಗ ಗ್ಯಾರೇಜಿನ ಪೀಪಾಯಿ ನೆನಪಾಗುತ್ತದೆ. ಒಂದೇ ಗ್ಯಾರೇಜಿನ ಎರಡು ಕಸಗಳು, ಒಂದು ಕಚ್ಚಾವಸ್ತುವಾಗಿ, ಇನ್ನೊಂದು ಉರುವಲಾಗಿ, ಒಂದೇ ಗುಂಡಿಯಲ್ಲಿ ಮರಳಿ ಕೂಡಬಹುದು. ಸತು, ರಂಜಕಗಳಿರುವ ಸೇರ್ಪಡೆಗಳು, ಸವೆದ ಬೇರಿಂಗುಗಳ ಲೋಹದ ಪುಡಿ, ಅರ್ಧ ಸುಟ್ಟ ಇಂಧನದಿಂದ ಹುಟ್ಟಿದ, ಕೆಲವು ಕ್ಯಾನ್ಸರಿಗೆ ಕಾರಣವಾಗುವ ಬಹುವಲಯ ಹೈಡ್ರೋಕಾರ್ಬನುಗಳು, ಇವೆಲ್ಲ ಆ ಕಪ್ಪುಬಣ್ಣದಲ್ಲಿ ಸೇರಿವೆ. ಸೋಸುವ ಏರ್ಪಾಡಿಲ್ಲದ ಒಲೆಯಲ್ಲಿ ಅದನ್ನು ಸುಟ್ಟರೆ ಅವು ಹೊಗೆಯನ್ನೇ ಹಿಡಿಯುತ್ತವೆ. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಭಾರತದಲ್ಲಿ 2000ದಲ್ಲಿ ಸೀಸಬೆರೆತ ಪೆಟ್ರೋಲು ನಿಂತ ಮೇಲೆ ಹಳೆಯ ಎಣ್ಣೆಯಲ್ಲಿನ ಸೀಸ ಬಹಳ ಇಳಿದಿದೆ. ಅದರ ಮುಖ್ಯ ಕೇಡು ಈಗ ಬೇರೆ ಬಗೆಯದು. ಸೆಂಟ್ರಿಂಗ್ ಹಲಗೆಗೆ ಬಳಿಯುವುದು, ಗೆದ್ದಲಿಗೆಂದು ತೊಲೆಗೆ ಹಚ್ಚುವುದು, ಧೂಳು ಏಳದಿರಲೆಂದು ಅಂಗಳಕ್ಕೆ ಚಿಮುಕಿಸುವುದು, ದನದ ಹುಣ್ಣಿಗೆ ಸವರುವುದು, ಇವೆಲ್ಲ ನಮ್ಮಲ್ಲಿ ಹಳೆಯ ರೂಢಿಗಳು. ಚರಂಡಿಗೆ ಬಿದ್ದ ಒಂದು ಲೀಟರ್ ಎಣ್ಣೆ ಕೆರೆಯ ಮೇಲೆ ಒಂದು ಮೈಕ್ರಾನಿನಷ್ಟು ತೆಳುವಾಗಿ ಹರಡಿತೆಂದು ಭಾವಿಸಿದರೆ ಅದು ಆವರಿಸುವ ನೀರು 1000 ಚದರ ಮೀಟರು, ಹೆಚ್ಚುಕಡಮೆ ಹತ್ತು ಗುಂಟೆ. ಲಾರಿಯ ಎಂಜಿನ್ನೊಂದರಿಂದ ಒಮ್ಮೆಗೆ ಇಳಿಯುವ ಎಣ್ಣೆ ಹತ್ತು ಲೀಟರಿಗೂ ಮಿಗಿಲು.

ಸೀಸಕ್ಕೆ ಮರಳೋಣ. ನಮ್ಮ 20 ಕಿಲೋಗ್ರಾಂ ಸೀಸದಲ್ಲಿ ನೂರಕ್ಕೆ ಒಂದೇ ಪಾಲು ಧೂಳೂ ಹೊಗೆಯೂ ಆಗಿ ಸುತ್ತ ಬಿತ್ತೆಂದು ಲೆಕ್ಕ ಹಾಕಿ ನೋಡಬಹುದು. ಅದು 200 ಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರಲ್ಲಿ ಮನೆಯಂಗಳದ ಮಣ್ಣಿಗೆ ಒಂದು ಎಚ್ಚರಿಕೆಯ ಗೆರೆ ಎಳೆಯಿತು: ಒಂದು ಕಿಲೋಗ್ರಾಂ ಮಣ್ಣಿನಲ್ಲಿ 200 ಮಿಲಿಗ್ರಾಂ ಸೀಸ ಮೀರಿದರೆ ತನಿಖೆಯಾಗಬೇಕು. ಈ ಗೆರೆಯನ್ನು ಮುಟ್ಟಿಸಲು 200 ಗ್ರಾಂ ಸೀಸವು ಒಂದು ಟನ್ನು ಮಣ್ಣಿಗೆ ಸಾಕು. ಒಂದು ಸೆಂಟಿಮೀಟರ್ ದಪ್ಪದ ಮೇಲ್ಮಣ್ಣೆಂದು ಎಣಿಸಿದರೆ, ಅದು ಸುಮಾರು 70 ಚದರ ಮೀಟರು, ಮುಕ್ಕಾಲು ಗುಂಟೆಗೆ ಸ್ವಲ್ಪ ಕಡಮೆ. ಇದು ಒಂದು ಬ್ಯಾಟರಿಯ ಲೆಕ್ಕ. ದಿನಕ್ಕೆ ಹತ್ತು ಬ್ಯಾಟರಿ ಒಡೆಯುವ ಗುಂಡಿಯು ಆ ಲೆಕ್ಕದಲ್ಲಿ ದಿನಕ್ಕೆ ಏಳು ಗುಂಟೆಯನ್ನು ಕೆಡಿಸಬಲ್ಲದು. ಸೀಸವು ಕೊಳೆಯುವ ವಸ್ತುವಲ್ಲ. ಕುಲುಮೆ ಮುಚ್ಚಿ ಹತ್ತು ವರ್ಷವಾದ ಮೇಲೂ ಅಲ್ಲಿ ಆಡುವ ಮಗುವಿನ ಬೆರಳಿಗೆ ಅದೇ ಮಣ್ಣು ಹತ್ತುತ್ತದೆ. ಸುತ್ತಣ ಸೊಪ್ಪಿನ ಮಡಿಗಳಲ್ಲಿ ಬೇರಿನ ಮೂಲಕ ಏರುವ ಸೀಸಕ್ಕಿಂತ ಎಲೆಯ ಮೇಲೆ ಕೂತ ಧೂಳೇ ಸಾಮಾನ್ಯವಾಗಿ ಹೆಚ್ಚಿನದು.

ಶರೀರವು ಸೀಸವನ್ನು ಸುಣ್ಣದಂಶವೆಂದು, ಎಂದರೆ ಕ್ಯಾಲ್ಸಿಯಮ್ಮೆಂದು ತಪ್ಪಾಗಿ ತಿಳಿಯುತ್ತದೆ. ಅದರ ವಿಷದ ಗುಟ್ಟಿನ ಬಹುಭಾಗ ಇಷ್ಟರಲ್ಲಿದೆ. ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಅದು ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮಿದುಳಿಗೂ, ಕೊನೆಗೆ ಮೂಳೆಗೂ ಹೋಗುತ್ತದೆ. ವಯಸ್ಕನು ನುಂಗಿದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಪಾಲು ರಕ್ತಕ್ಕೆ ಸೇರಿದರೆ, ಎಳೆಯ ಮಗುವಿನಲ್ಲಿ ಅರ್ಧದವರೆಗೂ ಸೇರಬಹುದು. ಆಹಾರದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕೊರೆಯಿದ್ದರೆ ಈ ಪಾಲು ಇನ್ನೂ ಏರುತ್ತದೆ. ನಮ್ಮ ಸೀಮೆಯ ರಾಗಿಯಲ್ಲಿ ಕ್ಯಾಲ್ಸಿಯಂ ಸಮೃದ್ಧವಾಗಿರುವುದು ಒಂದು ಅನುಕೂಲವೇ ಸರಿ. ಆದರೆ ಮುದ್ದೆ ತಿಂದು ಸೀಸವನ್ನು ಗೆಲ್ಲಬಹುದೆಂದು ಯಾರೂ ನಂಬಬಾರದು. ರಕ್ತದಲ್ಲಿ ಸೀಸವು ಹೀಮೋಗ್ಲೋಬಿನ್ ತಯಾರಿಸುವ ಕಿಣ್ವಗಳನ್ನು ತಡೆಯುತ್ತದೆ, ಅದರಿಂದ ರಕ್ತಹೀನತೆ. ಮಿದುಳಿನಲ್ಲಿ ನರತಂತುಗಳ ಜೋಡಣೆಯನ್ನು ಕೆಡಿಸುತ್ತದೆ. ಬೆಳೆಯುತ್ತಿರುವ ಮಗುವಿನಲ್ಲಿ ಈ ನಷ್ಟ ಹಿಂದಕ್ಕೆ ಬರುವುದಿಲ್ಲ.

ಪ್ರಮಾಣ ಎಷ್ಟು ಚಿಕ್ಕದೆಂಬುದನ್ನು ಊಹಿಸುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೊರಡಿಸಿದ ಮಾರ್ಗದರ್ಶನದಂತೆ, 100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೆ ಮೂಲವನ್ನು ಹುಡುಕಿ ತೊಲಗಿಸಬೇಕು. ಮೂರು ವರ್ಷದ ಮಗುವಿನ ಮೈಯಲ್ಲಿರುವ ರಕ್ತ ಒಂದು ಲೀಟರಿಗೆ ತುಸು ಹೆಚ್ಚು. ಅಂದರೆ ಆ ಮಟ್ಟದಲ್ಲಿ ಇಡೀ ರಕ್ತದಲ್ಲಿರುವ ಸೀಸದ ತೂಕ ಸುಮಾರು 55 ಮೈಕ್ರೋಗ್ರಾಂ: ಅಡಿಗೆಯ ಪುಡಿಯುಪ್ಪಿನ ಒಂದೇ ಒಂದು ಹರಳಿನಷ್ಟು. ಐದಕ್ಕೆ ಕೆಳಗಿದ್ದರೆ ಅಪಾಯವಿಲ್ಲವೆಂದೂ ಅರ್ಥವಲ್ಲ. ನಿರಪಾಯವಾದ ಮಟ್ಟವೊಂದು ಇದುವರೆಗೆ ಕಂಡಿಲ್ಲ. 2020ರಲ್ಲಿ ಯೂನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಕೂಡಿ ಮಾಡಿದ ಅಂದಾಜಿನಂತೆ, ಈ ಐದರ ಗೆರೆಯನ್ನು ದಾಟಿದ ಮಕ್ಕಳು ಭಾರತದಲ್ಲೇ ಸುಮಾರು 27.5 ಕೋಟಿ. ಪೆಟ್ರೋಲಿನ ಸೀಸ ಹೋದ ಮೇಲಿನ ಎಣಿಕೆಯಿದು.

ಕೆಲಸಗಾರನಲ್ಲಿ ಚಿಹ್ನೆಗಳು ಕಳ್ಳಹೆಜ್ಜೆಯಲ್ಲಿ ಬರುತ್ತವೆ. ಮೊದಲು ಆಯಾಸ, ತಲೆನೋವು, ಬಾಯಲ್ಲಿ ಲೋಹದ ರುಚಿ, ಹಿಡಿದು ಹಿಂಡುವ ಹೊಟ್ಟೆನೋವು, ಮಲಬದ್ಧತೆ. ಊರಿನಲ್ಲಿ ಇವನ್ನು ಪಿತ್ತವೆಂದೋ ಉಷ್ಣವೆಂದೋ ಕರೆದು ಸುಮ್ಮನಾಗುತ್ತಾರೆ. ಬಹಳ ದಿನ ಕಳೆದ ಮೇಲೆ ಕೆಲವರ ವಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆಯೊಂದು ಮೂಡುತ್ತದೆ. ಮಣಿಕಟ್ಟು ಜೋತುಬಿದ್ದು ಕೈಯೆತ್ತಲಾಗದು. ಈ ಚಿಹ್ನೆಗಳಿಗಾಗಿ ಕಾಯುವುದು ತಪ್ಪು. ಖಚಿತವಾಗಿ ತಿಳಿಯಲು ಇರುವುದು ಒಂದೇ ದಾರಿ: ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸೀಸವನ್ನು ಅಳೆಯಿಸುವುದು. ಬೆಂಗಳೂರಿನವರಿಗೆ ಈ ವಿಷಯದಲ್ಲಿ ಒಂದು ಇತಿಹಾಸವೇ ಉಂಟು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ ಸೀಸವಿಷಕ್ಕೆ ಮೀಸಲಾದ ರಾಷ್ಟ್ರೀಯ ಕೇಂದ್ರ ಸ್ಥಾಪಿತವಾಯಿತು. 1999ರ ಫೆಬ್ರುವರಿಯಲ್ಲಿ ಇದೇ ನಗರದಲ್ಲಿ ಸೀಸವಿಷವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು.

ರಕ್ತದಲ್ಲಿ ಸೀಸದ ಅರ್ಧಾಯುಷ್ಯ ಸುಮಾರು ಒಂದು ತಿಂಗಳು. ಮೂಳೆಯಲ್ಲಿ ಹತ್ತಾರು ವರ್ಷ. ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಔಷಧಗಳಿವೆ. ಆದರೆ ಅವುಗಳನ್ನು ಕೊಡುತ್ತ ರೋಗಿಯನ್ನು ಅದೇ ಕುಲುಮೆಗೆ, ಮಗುವನ್ನು ಅದೇ ಅಂಗಳಕ್ಕೆ ಕಳುಹಿಸಿದರೆ ಚಿಕಿತ್ಸೆ ವ್ಯರ್ಥ. ಹಾಗೆಯೇ ಕುಲುಮೆಯ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನೆತ್ತಿಕೊಳ್ಳುವ ತಂದೆ ಧೂಳನ್ನು ಮನೆಯೊಳಕ್ಕೆ ತಂದಂತಾಯಿತು. ಅಲ್ಲಿ ಪೊರಕೆಯಿಂದ ಒಣಗುಡಿಸಿದರೆ ಅದು ಮೇಲೇಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಇದೆಲ್ಲ ಸೇರಿದಾಗ ಏನಾಗುತ್ತದೆಂಬುದನ್ನು ಆಫ್ರಿಕದ ಸೆನೆಗಾಲ್ ದೇಶದ ಡಾಕರ್ ನಗರದ ಹೊರವಲಯದಲ್ಲಿ ಜಗತ್ತು ಕಂಡಿತು. ತಿಯಾರೋಯ್-ಸುರ್-ಮೇರ್ ಎಂಬ ಆ ಬಡಾವಣೆಯಲ್ಲಿ ವರ್ಷಗಟ್ಟಲೆ ಬ್ಯಾಟರಿಗಳನ್ನು ಒಡೆಯುತ್ತಿದ್ದರು. ಸೀಸದ ಬೆಲೆ ಏರಿದಾಗ ಅಲ್ಲಿನ ಹೆಂಗಸರು ಮರಳಿನಲ್ಲಿ ಹೂತುಹೋದ ಚೂರುಗಳಿಗಾಗಿ ನೆಲವನ್ನೇ ಅಗೆದು ಜರಡಿ ಹಿಡಿಯತೊಡಗಿದರು. ಆ ಮಣ್ಣು ಮನೆಯೊಳಕ್ಕೂ ಬಂತು. 2007ರ ನವೆಂಬರಿನಿಂದ 2008ರ ಮಾರ್ಚಿಯವರೆಗೆ 18 ಮಕ್ಕಳು ಸತ್ತರು. ಮಿದುಳಿಗೆ ಬಡಿದ ಈ ರೋಗ ಏನೆಂಬುದು ಮೊದಲು ಗೊತ್ತಾಗಲಿಲ್ಲ. ಬಳಿಕ ಅಣ್ಣತಮ್ಮಂದಿರ, ಅಕ್ಕಪಕ್ಕದ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ನೋಡಿದ 50 ಮಕ್ಕಳಲ್ಲಿ ಅತಿ ಕಡಮೆಯಿದ್ದವನದೂ 39 ಮೈಕ್ರೋಗ್ರಾಂ ದಾಟಿತ್ತು. ಮಣ್ಣಿನ ಕೆಲವು ಮಾದರಿಗಳಲ್ಲಿ ನೂರಕ್ಕೆ 30 ಪಾಲು ಸೀಸವೇ ಇತ್ತು. ಆ ಮಕ್ಕಳಲ್ಲಿ ಯಾರೂ ಕುಲುಮೆಯ ಕೆಲಸಗಾರರಲ್ಲ ಎಂಬುದು ಗಮನಿಸತಕ್ಕದ್ದು.

ಹಾಗಾದರೆ ಸೀಸವನ್ನು ಮರಳಿ ಪಡೆಯುವುದೇ ತಪ್ಪೇ? ಖಂಡಿತ ಅಲ್ಲ. ಸೀಸವನ್ನು ಎಷ್ಟು ಬಾರಿಯಾದರೂ ಶುದ್ಧಿಮಾಡಿ ಮತ್ತೆ ಬ್ಯಾಟರಿಗೆ ಬಳಸಬಹುದು. ನೋಂದಾಯಿತ ಕಾರ್ಖಾನೆಯು ಮಾಡುವುದೂ ಅದನ್ನೇ. ಅಲ್ಲಿ ಬ್ಯಾಟರಿಯು ಮುಚ್ಚಿದ ಯಂತ್ರದಲ್ಲಿ ಒಡೆಯುತ್ತದೆ. ಆಮ್ಲವು ತೊಟ್ಟಿಗೆ ಇಳಿಯುತ್ತದೆ. ನೀರಿನಲ್ಲಿ ಪ್ಲಾಸ್ಟಿಕ್ಕು ತೇಲಿ, ಸೀಸ ಮುಳುಗಿ, ಎರಡೂ ಬೇರ್ಪಡುತ್ತವೆ. ಒಳ್ಳೆಯ ಕಾರ್ಖಾನೆಯಲ್ಲಿ ಸರಿಯನ್ನು ಕುಲುಮೆಗೆ ಹಾಕುವ ಮೊದಲೇ ಸೋಡದೊಡನೆ ಕಲಸಿ ಗಂಧಕವನ್ನು ತೆಗೆದುಬಿಡುತ್ತಾರೆ. ತಿರುಗುವ ಕುಲುಮೆಯ ಹೊಗೆಯನ್ನು ತಣಿಸಿ ನೂರಾರು ಬಟ್ಟೆಚೀಲಗಳ ಮೂಲಕ ಹಾಯಿಸಿ, ಸಿಕ್ಕಿದ ಧೂಳನ್ನು ಮತ್ತೆ ಕುಲುಮೆಗೇ ಹಾಕುತ್ತಾರೆ. ಕಿಟ್ಟವು ಅಪಾಯಕರ ತ್ಯಾಜ್ಯವೆನಿಸಿ, ಅದಕ್ಕೆಂದೇ ಕಟ್ಟಿದ ಭೂಭರ್ತಿಗೆ ಹೋಗಬೇಕು. ನಮ್ಮ ಜಿಲ್ಲೆಯಲ್ಲೇ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ, ಅಂಥದೊಂದು ನೆಲೆಯಿದೆ. ಇವೆಲ್ಲಕ್ಕೂ ಖರ್ಚಿದೆ. ಆ ಖರ್ಚನ್ನು ತಪ್ಪಿಸಿಕೊಂಡವನು ಗ್ಯಾರೇಜಿನವನಿಗೆ ನಾಲ್ಕು ಕಾಸು ಹೆಚ್ಚು ಕೊಡಬಲ್ಲನು. ಹೆಚ್ಚಿಗೆ ಬಂದ ಆ ನಾಲ್ಕು ಕಾಸು ಕುಲುಮೆಯ ನೆರೆಹೊರೆಯವರ ರಕ್ತದಿಂದ ಬಂದದ್ದು ಎಂದರೆ ಮಾತು ಕಟುವಾಗಬಹುದು, ಸುಳ್ಳಾಗದು.

ಕಾನೂನು ಈ ದಾರಿಯನ್ನು ತಿದ್ದಲು ಯತ್ನಿಸಿದೆ. 2001ರ ನಿಯಮಗಳು ಬ್ಯಾಟರಿ ಮಾರುವವನೇ ಹಳೆಯದನ್ನು ಹಿಂದಕ್ಕೆ ಪಡೆಯಬೇಕೆಂದವು. ಅವುಗಳ ಸ್ಥಾನದಲ್ಲಿ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೊಣೆಯನ್ನು ತಯಾರಕನ ಹೆಗಲಿಗೇರಿಸಿವೆ. ಬಳಸುವವನೂ ಹಳೆಯ ಬ್ಯಾಟರಿಯನ್ನು ಇತರ ಕಸದೊಡನೆ ಬೆರಸದೆ ಒಪ್ಪಿಸಬೇಕು. ಹಳೆಯ ಎಣ್ಣೆಗೂ ಇಂಥದೇ ಹೊಣೆಗಾರಿಕೆ 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ಕೊಳ್ಳಬಂದವನು ನೋಂದಣಿಯುಳ್ಳವನೇ ಎಂಬುದನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯಲ್ಲಿ ವಿಚಾರಿಸಬಹುದು.

ಗ್ಯಾರೇಜಿನವನ ಪಾಲಿಗೆ ಬರುವ ಕೆಲಸ ದೊಡ್ಡದಲ್ಲ. ಬ್ಯಾಟರಿಯನ್ನು ಮಗುಚಬಾರದು, ಮುಚ್ಚಳ ಬಿಗಿದು ನೆಟ್ಟಗೆ ನಿಲ್ಲಿಸಬೇಕು. ಅದು ಸತ್ತಿದ್ದರೂ ಎರಡು ಕಂಬಗಳ ಮೇಲೆ ಸ್ಪ್ಯಾನರು ಬಿದ್ದರೆ ಕಿಡಿ ಹಾರುವಷ್ಟು ವಿದ್ಯುತ್ತು ಇದ್ದೇ ಇರುತ್ತದೆ. ಆದುದರಿಂದ ಕಂಬಗಳಿಗೆ ಟೇಪು ಸುತ್ತಬೇಕು. ಸಿಮೆಂಟು ನೆಲವನ್ನು ಆಮ್ಲ ತಿನ್ನುವುದರಿಂದ ಪ್ಲಾಸ್ಟಿಕ್ ತಟ್ಟೆಯ ಮೇಲೆ, ಮಳೆ ತಾಗದ ಸೂರಿನಡಿ ಇಡಬೇಕು. ಬಿರುಕುಬಿಟ್ಟದ್ದನ್ನು ಪ್ರತ್ಯೇಕ ಪ್ಲಾಸ್ಟಿಕ್ ತೊಟ್ಟಿಯಲ್ಲಿಡಬೇಕು. ಚೆಲ್ಲಿದ ಆಮ್ಲದ ಮೇಲೆ ಸುಣ್ಣದ ಪುಡಿ ಅಥವಾ ಅಡಿಗೆ ಸೋಡ ಎರಚಬೇಕು; ಸೋಡ ಎರಚಿದ್ದರೆ ನೊರೆ ನಿಂತಾಗ ಆಮ್ಲ ತಣಿದಿದೆಯೆಂದು ತಿಳಿಯಬಹುದು. ಹಾಗೆ ತಣಿದ ಕೆಸರಿನಲ್ಲಿ ಸೀಸ ಉಳಿದೇ ಇರುವುದರಿಂದ ಅದನ್ನೂ ಬಳಿದು ತೊಟ್ಟಿಗೇ ಹಾಕಬೇಕು. ಎಣ್ಣೆಗೆ ಮುಚ್ಚಳವಿರುವ ಬೇರೊಂದು ಪೀಪಾಯಿ ಬೇಕು. ರೇಡಿಯೇಟರಿನ ನೀರು, ಬ್ರೇಕ್ ಎಣ್ಣೆ, ತೊಳೆಯಲು ಬಳಸಿದ ಪೆಟ್ರೋಲು ಅದಕ್ಕೆ ಸೇರಿದರೆ ಶುದ್ಧಿಮಾಡುವವನು ಅದನ್ನು ಬೇಡವೆನ್ನಬಹುದು, ಮತ್ತೆ ಅದು ಯಾವುದೋ ಒಲೆಯ ದಾರಿಯನ್ನೇ ಹಿಡಿದೀತು. ಬೆರಕೆಯಿಲ್ಲದ ಎಣ್ಣೆಯಾದರೋ ನೀರನ್ನು ಕಳೆದು ನಿರ್ವಾತದಲ್ಲಿ ಬಟ್ಟಿಯಿಳಿಸಿದಾಗ ಮತ್ತೆ ಎಂಜಿನ್ನಿಗೆ ಹಾಕುವ ಎಣ್ಣೆಗೆ ಮೂಲವಾಗುತ್ತದೆ.

ಈಗಾಗಲೇ ಕೆಟ್ಟಿರುವ ಜಾಗವನ್ನು ಗುರುತಿಸುವುದೂ ಅಸಾಧ್ಯವಲ್ಲ. ಹೊಲದಂಚಿನಲ್ಲಿ ಹುಲ್ಲು ಮೊಳೆಯದ ಸುಟ್ಟ ಮಚ್ಚೆ, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿ ಭಾರವೆನಿಸುವ ಕರಿಯ ಕಿಟ್ಟ, ಒಡೆದ ಬ್ಯಾಟರಿ ಪೆಟ್ಟಿಗೆಗಳ ಚೂರು, ರಾತ್ರಿಯ ಹೊತ್ತು ಬರುವ ಗಂಧಕದ ಉಸಿರುಗಟ್ಟಿಸುವ ವಾಸನೆ, ಇವು ಸೂಚನೆಗಳು. ಕ್ಷ-ಕಿರಣ ಬೀರಿ ಮಣ್ಣಿನ ಸೀಸವನ್ನು ನಿಂತಲ್ಲೇ ಅಳೆಯುವ ಕೈಯಳತೆಯ ಉಪಕರಣವೂ ಇದೆ. ಡಾಕರಿನಲ್ಲಿ ಮೇಲ್ಮಣ್ಣನ್ನು ಕೆರೆದು ತೆಗೆದು, ಶುದ್ಧವಾದ ಮರಳನ್ನು ಹಾಸಿ, ಮನೆಗಳ ಒಳಗೋಡೆಯನ್ನೂ ನೆಲವನ್ನೂ ತೊಳೆಯಬೇಕಾಯಿತು. ಅಂಥ ಮಣ್ಣನ್ನು ಊರವರೇ ಅಗೆದು ಬೇರೆಡೆ ಸುರಿದರೆ ವಿಷ ಸ್ಥಳ ಬದಲಿಸುತ್ತದೆ, ಅಷ್ಟೆ. ಮಂಡಲಿಯವರು ಬಂದು ಅಳೆಯುವವರೆಗೆ ಆ ಜಾಗಕ್ಕೆ ಬೇಲಿ ಕಟ್ಟಿ, ಮಕ್ಕಳನ್ನೂ ಮೇಯುವ ದನಗಳನ್ನೂ ದೂರವಿಟ್ಟು, ಧೂಳೇಳದಂತೆ ಟಾರ್ಪಾಲು ಹೊದಿಸಿಡಬೇಕು.